ಹುಳ ಹತ್ತದ ಹಲ್ಲೂ ಕರಗುತ್ತದೆ

ಕಲಬುರಗಿಯ ಹಳೆಯ ಮನೆಗಳಲ್ಲಿ ನೆಲಕ್ಕೂ ಅಡುಗೆಯ ಕಟ್ಟೆಗೂ ಶಹಾಬಾದ್ ಫರ್ಸಿಯನ್ನೇ ಹಾಸಿರುತ್ತಾರೆ. ಆ ಕಟ್ಟೆಯ ಮೇಲೆ ಕೊಯ್ದ ನಿಂಬೆ ಹೋಳನ್ನು ಬೋರಲಾಗಿಟ್ಟು ಮರೆತರೆ, ಮರುದಿನ ಅಲ್ಲಿ ಹೊಳಪು ಕಳೆದುಕೊಂಡ ಒಂದು ದುಂಡು ಗುರುತು ಉಳಿದಿರುತ್ತದೆ. ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕಲ್ಲಿಗೆ ಅಂಟಿದ ಕಲೆಯಲ್ಲ, ಕಲ್ಲೇ ಕರಗಿಹೋದ ಜಾಗ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಹಲ್ಲಿನ ಹೊರಪದರದಲ್ಲಿಯೂ ಇರುವುದು ಕ್ಯಾಲ್ಸಿಯಂ, ಆದರೆ ಅಲ್ಲಿ ಅದು ಫಾಸ್ಫೇಟಿನ ಜೊತೆಗೂಡಿದೆ. ಹೀಗಾಗಿ ಹಲ್ಲು ಫರ್ಸಿಗಿಂತ ನಿಧಾನವಾಗಿ ಕರಗುತ್ತದೆ, ಆದರೆ ಕರಗುವುದಂತೂ ನಿಜ.

ಏಪ್ರಿಲ್ ಬಂದು ಬಿಸಿಲು ನಲವತ್ತು ಡಿಗ್ರಿ ದಾಟಿತೆಂದರೆ ನಮ್ಮೂರಿನ ಪ್ರತಿ ಚೌಕದಲ್ಲಿಯೂ ನಿಂಬೆ ಸೋಡಾದ ಗಾಡಿ ನಿಲ್ಲುತ್ತದೆ, ಅಂಗಡಿಗಳ ಫ್ರಿಜ್ಜಿನಲ್ಲಿ ಥಂಡಾ ಬಾಟಲಿಗಳು ತುಂಬುತ್ತವೆ. ಅದೇ ದಿನಗಳಲ್ಲಿ, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ನನ್ನಲ್ಲಿಗೆ ಬರುವವರೂ ಹೆಚ್ಚುತ್ತಾರೆ. ಬಹುತೇಕರು ತಮ್ಮ ಹಲ್ಲಿಗೆ ಹುಳ ಹತ್ತಿದೆ ಎಂದೇ ನಂಬಿಕೊಂಡು ಬಂದಿರುತ್ತಾರೆ. ಕೆಲವರಿಗೆ ಹುಳುಕು ಇರುವುದೂ ನಿಜ. ಆದರೆ ಇನ್ನು ಕೆಲವರ ಹಲ್ಲಿನಲ್ಲಿ ಒಂದೇ ಒಂದು ತೂತು ಇರುವುದಿಲ್ಲ, ಕಪ್ಪು ಚುಕ್ಕೆಯೂ ಇರುವುದಿಲ್ಲ. ಹಲ್ಲು ನುಣ್ಣಗೆ, ಸ್ವಚ್ಛವಾಗಿ, ಗಾಜಿನಂತೆ ಹೊಳೆಯುತ್ತಿರುತ್ತದೆ. ಆ ಹೊಳಪೇ ಅಲ್ಲಿ ರೋಗದ ಗುರುತು.

## ಹಲ್ಲು ಕಡಿಮೆಯಾಗುವ ಮೂರು ಬಗೆ

ಹಲ್ಲಿನ ಹೊರಗವಚಕ್ಕೆ ಎನಾಮಲ್ ಎನ್ನುತ್ತೇವೆ. ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ತೂಕದಲ್ಲಿ ಇದರ ನೂರಕ್ಕೆ ಸುಮಾರು 96 ಪಾಲು ಬರಿಯ ಖನಿಜ. ಅಗಿಯುವ ದವಡೆ ಹಲ್ಲಿನ ತುದಿಯಲ್ಲಿ ಇದು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪವಿರುತ್ತದೆ, ಒಸಡಿನ ಅಂಚಿಗೆ ಬರುವಷ್ಟರಲ್ಲಿ ತೆಳುವಾಗುತ್ತಾ ಇಲ್ಲವಾಗುತ್ತದೆ. ಇದರ ಕೆಳಗೆ ಹಳದಿ ಬಣ್ಣದ, ಮೆದುವಾದ ಡೆಂಟಿನ್ ಇದೆ. ಡೆಂಟಿನ್ನಿನ ತುಂಬ ಕಣ್ಣಿಗೆ ಕಾಣದ ಸಣ್ಣ ನಾಳಗಳಿದ್ದು, ಅವು ಒಳಗಿನ ನರದವರೆಗೆ ಸಾಗುತ್ತವೆ. ಮೇಲಿನ ಕವಚ ತೆಳುವಾಗಿ ಈ ನಾಳಗಳು ತೆರೆದುಕೊಂಡಾಗ ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ. ಅಂದರೆ ಜುಮ್ಮೆನ್ನುವುದು ಕವಚ ಹೋಯಿತೆಂದು ತಿಳಿಸುತ್ತದೆಯೇ ಹೊರತು, ಯಾವ ಕಾರಣಕ್ಕೆ ಹೋಯಿತೆಂದು ತಿಳಿಸುವುದಿಲ್ಲ.

ಹುಳುಕಿನಲ್ಲಿ ಯಾವ ಹುಳವೂ ಇಲ್ಲ. ಹಲ್ಲಿನ ಮೇಲೆ ಕೂರುವ ಲೋಳೆಯಂಥ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ನಾವು ತಿಂದ ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ, ಆ ಆಮ್ಲ ಪಾಚಿಯ ಅಡಿಯಲ್ಲಿಯೇ ನಿಂತು ಹಲ್ಲನ್ನು ಕೊರೆಯುತ್ತದೆ. ಆದ್ದರಿಂದ ಹುಳುಕು ಯಾವಾಗಲೂ ಪಾಚಿ ನಿಲ್ಲುವ ಜಾಗಗಳಲ್ಲಿ, ಅಂದರೆ ಹಲ್ಲಿನ ಮೇಲಿನ ಗೀರುಗಳಲ್ಲಿ, ಎರಡು ಹಲ್ಲುಗಳ ಸಂದಿಯಲ್ಲಿ, ಒಸಡಿನ ಅಂಚಿನಲ್ಲಿ ಹುಟ್ಟುತ್ತದೆ. ಅದು ಮೊದಲು ಸುಣ್ಣ ಬಳಿದಂಥ ಬಿಳಿ ಮಚ್ಚೆಯಾಗಿ ಕಾಣಿಸಿಕೊಂಡು, ಮೇಲ್ಮೈ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುವಾಗ ಅದರ ಕೆಳಗೆ ಪೊಳ್ಳಾಗುತ್ತಾ ಹೋಗಿ, ಒಂದು ದಿನ ಕುಸಿದು ತೂತಾಗುತ್ತದೆ.

ಆಮ್ಲ ಸವೆತದಲ್ಲಿ ಬ್ಯಾಕ್ಟೀರಿಯಾದ ಪಾತ್ರವೇ ಇಲ್ಲ. ಕುಡಿದ ಪಾನೀಯದಿಂದಲೋ ಹೊಟ್ಟೆಯಿಂದಲೋ ಬಂದ ಆಮ್ಲ ನೇರವಾಗಿ ಹಲ್ಲಿಗೆ ತಾಗಿ, ಹೊರಗಿನಿಂದ ಒಳಗೆ ಪದರ ಪದರವಾಗಿ ಕರಗಿಸುತ್ತದೆ. ಪಾಚಿಯಿರುವ ಜಾಗಕ್ಕಿಂತ ಪಾಚಿಯಿಲ್ಲದ ಸ್ವಚ್ಛವಾದ ಮೈಗೇ ಇದು ಹೆಚ್ಚು ತಾಗುತ್ತದೆ; ದಿನಕ್ಕೆ ಎರಡು ಹೊತ್ತು ತಪ್ಪದೆ ಹಲ್ಲುಜ್ಜುವವರಿಗೂ ಇದು ಬರುವುದು ಈ ಕಾರಣಕ್ಕೆ.

ಮೂರನೆಯದು ಉಜ್ಜಿ ಉಜ್ಜಿ ಆಗುವ ಸವೆತ. ಗಡುಸು ಬ್ರಷ್ಷು, ಒಲೆಯ ಬೂದಿ, ಇದ್ದಿಲ ಪುಡಿ, ಹುರಿದ ತಂಬಾಕಿನ ಪುಡಿ, ಇವನ್ನು ಹಲ್ಲಿಗೆ ಅಡ್ಡಡ್ಡವಾಗಿ ತಿಕ್ಕಿದಾಗ ಒಸಡಿನ ಪಕ್ಕದಲ್ಲಿ, ಕೊಡಲಿಯಿಂದ ಕಚ್ಚು ಹೊಡೆದಂತೆ ಚೂಪಾದ ಗೀರು ಬೀಳುತ್ತದೆ. ಬಲಗೈಯವರಿಗೆ ಬಾಯಿಯ ಎಡಭಾಗದ ಕೋರೆಹಲ್ಲಿನಲ್ಲಿಯೂ ಅದರ ಹಿಂದಿನ ಚಿಕ್ಕ ದವಡೆ ಹಲ್ಲುಗಳಲ್ಲಿಯೂ ಇದು ಹೆಚ್ಚು, ಏಕೆಂದರೆ ಕೈಯ ಒತ್ತಡ ಅಲ್ಲಿ ಜಾಸ್ತಿ ಬೀಳುತ್ತದೆ.

ಫರ್ಸಿಗೇ ಮರಳಿದರೆ, ನಿಂಬೆ ರಸ ಬಿದ್ದ ತಗ್ಗು ಒಂದು ಬಗೆಯದು, ಮಂಚದ ಕಾಲು ಎಳೆದೆಳೆದು ಬಿದ್ದ ಗೀರು ಇನ್ನೊಂದು ಬಗೆಯದು, ಕೆಳಗಿನ ಮಣ್ಣು ಕುಸಿದು ಕಲ್ಲು ಒಳಗೆ ಪೊಳ್ಳಾದದ್ದು ಮತ್ತೊಂದು. ಹಾಸುಗಲ್ಲಿನ ಕೆಲಸದವನು ಬಗ್ಗಿ ನೋಡಿದೊಡನೆ ಯಾವುದು ಯಾವುದೆಂದು ಹೇಳುತ್ತಾನೆ. ಹಲ್ಲಿನ ವಿಷಯದಲ್ಲಿಯೂ ಆಕಾರ ಮತ್ತು ಜಾಗ ಇವೆರಡೇ ಸಾಕ್ಷಿ.

## ಯಾವ ಹುಳಿ ಕರಗಿಸುತ್ತದೆ, ಯಾವುದು ಕರಗಿಸುವುದಿಲ್ಲ

ಹುಳಿಯನ್ನು ಅಳೆಯುವ ಮಾನಕ್ಕೆ ಪಿಎಚ್ ಎನ್ನುತ್ತಾರೆ. ಶುದ್ಧ ನೀರು 7. ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು, ಒಂದೊಂದು ಅಂಕಿ ಇಳಿದಾಗಲೂ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ ಎಂಬುದು ರೂಢಿಯ ಲೆಕ್ಕ. ಕೋಲಾ ಪಾನೀಯಗಳು ಸುಮಾರು 2.5, ನಿಂಬೆ ರಸ 2ರಿಂದ 2.5, ಹೊಟ್ಟೆಯ ಆಮ್ಲ 1ರಿಂದ 2. ಇಲ್ಲಿ 5.5 ಮತ್ತು 2.5ರ ನಡುವಿನ ಅಂತರ ಮೂರು ಪಟ್ಟಲ್ಲ, ಸಾವಿರ ಪಟ್ಟು.

ಆದರೆ ಅಂಕಿಯೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ನಮ್ಮ ಊಟದಲ್ಲಿ ತಪ್ಪದೆ ಇರುವ ಮೊಸರಿನ ಪಿಎಚ್ ಸುಮಾರು 4, ಅಂದರೆ 5.5ಕ್ಕಿಂತ ಕೆಳಗೆ, ಆದರೂ ಮೊಸರು ಹಲ್ಲನ್ನು ಕರಗಿಸುವುದಿಲ್ಲ. ಹಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳೇ ಮೊಸರಿನಲ್ಲಿ ಮೊದಲೇ ತುಂಬಿಕೊಂಡಿರುವುದರಿಂದ, ಹಲ್ಲಿನಿಂದ ಇನ್ನಷ್ಟನ್ನು ಸೆಳೆದುಕೊಳ್ಳಲು ಅದರಲ್ಲಿ ಜಾಗವಿಲ್ಲ. ಉಪ್ಪು ಕರಗಿ ಕರಗಿ ಸಾಕೆನಿಸಿದ ನೀರಿಗೆ ಮತ್ತೊಂದು ಹಿಡಿ ಉಪ್ಪು ಹಾಕಿದರೆ ಅದು ತಳದಲ್ಲಿ ಹಾಗೆಯೇ ಉಳಿಯುವಂತೆಯೇ ಇದು. ನಿಂಬೆ ರಸದಲ್ಲಿಯೂ ಕೋಲಾದಲ್ಲಿಯೂ ಆ ತುಂಬಿಕೆ ಇಲ್ಲ.

ಬರಿಯ ಸೋಡಾ ನೀರನ್ನು ಅಷ್ಟು ಅನುಮಾನಿಸಬೇಕಿಲ್ಲ, ಅದರ ಆಮ್ಲ ದುರ್ಬಲವಾದದ್ದು. ನಿಂಬೆ ಸೋಡಾದಲ್ಲಿ ಕೆಲಸ ಮಾಡುವುದು ನಿಂಬೆ. ಅದಕ್ಕೆ ಉಪ್ಪು ಹಾಕಿದರೂ ಸಕ್ಕರೆ ಹಾಕಿದರೂ ರುಚಿ ಬದಲಾಗುತ್ತದೆಯೇ ಹೊರತು ಆಮ್ಲ ತಗ್ಗುವುದಿಲ್ಲ. ಹಾಗೆಯೇ ‘ಶುಗರ್ ಫ್ರೀ’ ಎಂದು ಬರೆದ ಕೋಲಾ ಹುಳುಕಿನ ಮಟ್ಟಿಗೆ ವಾಸಿ, ಏಕೆಂದರೆ ಬ್ಯಾಕ್ಟೀರಿಯಾಕ್ಕೆ ಅದರಲ್ಲಿ ಊಟವಿಲ್ಲ. ಆಮ್ಲ ಸವೆತದ ಮಟ್ಟಿಗೆ ಅದೂ ಇದೂ ಒಂದೇ.

ಎಷ್ಟು ಕುಡಿದೆವು ಎನ್ನುವುದಕ್ಕಿಂತ ಎಷ್ಟು ಹೊತ್ತು ಬಾಯಲ್ಲಿತ್ತು, ದಿನಕ್ಕೆ ಎಷ್ಟು ಸಲ ಬಂತು ಎನ್ನುವುದು ಮುಖ್ಯ. ಜೊಲ್ಲು ಆಮ್ಲವನ್ನು ತೊಳೆದು, ತನ್ನಲ್ಲಿರುವ ಬೈಕಾರ್ಬೊನೇಟಿನಿಂದ ಅದನ್ನು ಸಪ್ಪೆ ಮಾಡುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಒಂದು ಗ್ಲಾಸನ್ನು ಊಟದ ಜೊತೆ ಕುಡಿದು ಮುಗಿಸಿದವನ ಹಲ್ಲಿಗಿಂತ, ಅದೇ ಗ್ಲಾಸನ್ನು ಒಂದು ತಾಸು ಗುಟುಕು ಗುಟುಕಾಗಿ, ಪ್ರತಿ ಗುಟುಕನ್ನೂ ಬಾಯಲ್ಲಿ ಆಡಿಸುತ್ತಾ ಕುಡಿದವನ ಹಲ್ಲು ಬೇಗ ಕರಗುತ್ತದೆ. ಬಿಸಿಲಿನಲ್ಲಿ ದುಡಿದು ಬಾಯಿ ಒಣಗಿದಾಗ ಜೊಲ್ಲು ಮೊದಲೇ ಕಡಿಮೆಯಿರುತ್ತದೆ. ನಾವು ನಿಂಬೆ ಸೋಡಾದ ಗಾಡಿ ಹುಡುಕುವುದೂ ಸರಿಯಾಗಿ ಆ ಹೊತ್ತಿನಲ್ಲಿಯೇ. ಮೊದಲು ಒಂದು ಲೋಟ ನೀರು ಕುಡಿದು ಬಾಯಿ ಒದ್ದೆ ಮಾಡಿಕೊಂಡು ಆಮೇಲೆ ಸೋಡಾ ಕುಡಿಯಿರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

## ಹೊಟ್ಟೆಯ ಆಮ್ಲ ಬಾಯಿಗೆ ಬರುವ ದಾರಿ

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಬಳೆ ಇದೆ. ಉಂಡದ್ದು ಕೆಳಗಿಳಿಯುವಾಗ ಅದು ಸಡಿಲಾಗುತ್ತದೆ, ಉಳಿದ ಹೊತ್ತು ಬಿಗಿಯಾಗಿರುತ್ತದೆ. ಈ ಬಿಗಿ ತಪ್ಪಿದಾಗ ಜಠರದ ಆಮ್ಲ ಮೇಲೇರುತ್ತದೆ. ಅನ್ನನಾಳದಲ್ಲಿಯೇ ನಿಂತರೆ ಎದೆ ಉರಿ, ಬಾಯಿಯವರೆಗೆ ಬಂದರೆ ಹುಳಿ ತೇಗು. ಇದು ಅಪರೂಪಕ್ಕಾದರೆ ಯಾರಿಗೂ ಆಗುವುದೇ; ಮೇಲಿಂದ ಮೇಲೆ ಆಗಿ ತೊಂದರೆ ಕೊಡತೊಡಗಿದರೆ ವೈದ್ಯರು ಅದನ್ನು ರೋಗವೆಂದು ಕರೆಯುತ್ತಾರೆ, ಮತ್ತು ಹಲ್ಲಿನ ಸವೆತ ಆ ರೋಗದೊಂದಿಗೆ ನಂಟುಳ್ಳ ಲಕ್ಷಣಗಳಲ್ಲಿ ಒಂದೆಂದು 2006ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿಯೇ ಸೇರಿದೆ.

ರಾತ್ರಿಯ ಹೊತ್ತು ಇದು ಹೆಚ್ಚು ಹಾನಿ ಮಾಡುತ್ತದೆ. ಮಲಗಿದಾಗ ಆಮ್ಲ ಕೆಳಗಿಳಿಯಲು ಇಳಿಜಾರೇ ಇಲ್ಲ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತಿರುತ್ತದೆ, ನುಂಗುವುದೂ ಕಡಿಮೆ. ಹೀಗೆ ಮೇಲೇರಿದ ಆಮ್ಲ ನಾಲಿಗೆಯ ಮೇಲಿಂದ ಹರಿದು ಮೇಲಿನ ಹಲ್ಲುಗಳ ಒಳಮೈಗೆ, ಅಂದರೆ ಅಂಗುಳದ ಕಡೆಗೆ ತಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆಯೇ ಮುಚ್ಚಿಕೊಂಡಿರುತ್ತದೆ, ನಾಲಿಗೆಯಡಿಯ ಜೊಲ್ಲಿನ ಗ್ರಂಥಿಗಳೂ ಅಲ್ಲಿಯೇ ಇವೆ, ಹಾಗಾಗಿ ಅವು ಬಹುಕಾಲ ಉಳಿದುಕೊಳ್ಳುತ್ತವೆ. ಬಸುರಿನ ದಿನಗಳಲ್ಲಿ ಅಥವಾ ಬೇರೆ ಕಾರಣಕ್ಕೆ ತಿಂಗಳುಗಟ್ಟಲೆ ವಾಂತಿಯಾದವರ ಹಲ್ಲುಗಳಲ್ಲಿಯೂ ಇದೇ ಚಿತ್ರ ಕಾಣುತ್ತದೆ. ಪಾನೀಯದಿಂದಾದ ಸವೆತವಾದರೋ ಸಾಮಾನ್ಯವಾಗಿ ಮುಂದಿನ ಹಲ್ಲುಗಳ ಹೊರಮೈಯಲ್ಲಿ, ತುಟಿಯ ಕಡೆಗೆ, ಮತ್ತು ದವಡೆ ಹಲ್ಲುಗಳ ಅಗಿಯುವ ಮೈಯಲ್ಲಿ ಕಾಣುತ್ತದೆ. ಇದು ಗಟ್ಟಿ ನಿಯಮವಲ್ಲ. ಎರಡೂ ಸೇರಿಕೊಂಡವರೇ ಬಹಳ.

## ಒಂದು ಬಾಯಿಯೊಳಗೆ

ನಾನು ನೋಡಿದ ಅನೇಕರ ಲಕ್ಷಣಗಳನ್ನು ಕೂಡಿಸಿ ಒಬ್ಬರ ಉದಾಹರಣೆಯಾಗಿ ಹೇಳುತ್ತೇನೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ವ್ಯಕ್ತಿ. ಕುರ್ಚಿಯ ಮೇಲೆ ಕೂತೊಡನೆ ಹೇಳಿದ್ದು ಇಷ್ಟು: “ಡಾಕ್ಟರ್ ಸಾಬ್ರ, ಥಂಡ ನೀರ್ ಕುಡದ್ರ ಹಲ್ಲೆಲ್ಲಾ ಜುಮ್ ಅಂತಾವ್ರೀ. ಹಳದಿನೂ ಆಗ್ಯಾವ. ದಿನಾ ಮೂರ್ ಸಲ ತಿಕ್ಕತೀನಿ, ಆದ್ರೂ ಹೋಗವಲ್ದು.” ಹಳದಿ ಹೋಗಲೆಂದು ಅವರು ಗಡುಸು ಬ್ರಷ್ಷನ್ನೂ ಬಿಳುಪಿನ ಹಲ್ಲುಪುಡಿಯನ್ನೂ ಕೊಂಡಿದ್ದರು. ಆ ಹಳದಿ ಕೊಳೆಯಲ್ಲ, ತೆಳುವಾದ ಎನಾಮಲ್ಲಿನ ಹಿಂದಿನಿಂದ ಕಾಣುವ ಡೆಂಟಿನ್ನು. ತಿಕ್ಕಿದಷ್ಟೂ ಅದು ಹೆಚ್ಚು ಕಾಣುತ್ತದೆ. ಇಲ್ಲಿ ಇನ್ನೊಂದು ಮಾತು: ನಮ್ಮ ಕಡೆ, ಮುಖ್ಯವಾಗಿ ಯಾದಗಿರಿಯ ಕೆಲವು ಊರುಗಳಲ್ಲಿ, ಬೋರಿನ ನೀರಿನ ಫ್ಲೋರೈಡಿನಿಂದ ಹಲ್ಲಿನ ಮೇಲೆ ಚಿಕ್ಕಂದಿನಿಂದಲೇ ಕಂದು ಪಟ್ಟೆಗಳಿರುತ್ತವೆ. ಅದು ಹಲ್ಲು ಹುಟ್ಟುವ ಮೊದಲೇ ಆದದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇವರಿಗೆ ಹಳದಿ ಬಂದು ಮೂರು ವರ್ಷವಷ್ಟೇ ಆಗಿತ್ತು.

ಹಲ್ಲುಗಳನ್ನು ಗಾಳಿಯಿಂದ ಒಣಗಿಸಿ ದೀಪ ಹಿಡಿದೆ. ಕೆಳಗಿನ ಎಡ ದವಡೆ ಹಲ್ಲಿನಲ್ಲಿ ಹಳೆಯ, ಬೆಳ್ಳಿ ಬಣ್ಣದ ಫಿಲ್ಲಿಂಗ್ ಇತ್ತು. ಹಾಕಿದಾಗ ಹಲ್ಲಿಗೆ ಸಮನಾಗಿದ್ದದ್ದು ಈಗ ನೀರಿಳಿದ ಕೆರೆಯಲ್ಲಿ ಬಂಡೆ ಎದ್ದಂತೆ ಸುತ್ತಲಿನ ಹಲ್ಲಿಗಿಂತ ಸುಮಾರು ಅರ್ಧ ಮಿಲಿಮೀಟರು ಮೇಲೆ ನಿಂತಿತ್ತು. ಫಿಲ್ಲಿಂಗ್ ಬೆಳೆಯುವುದಿಲ್ಲ, ಆಮ್ಲಕ್ಕೆ ಕರಗುವುದೂ ಇಲ್ಲ. ಅಂದರೆ ತಗ್ಗಿದ್ದು ಹಲ್ಲು. ಆಮ್ಲ ಸವೆತಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಕಡಿಮೆ. ಅದೇ ಹಲ್ಲಿನ ಮೊನೆಗಳಲ್ಲಿ ಹಣತೆಯಂಥ ಪುಟ್ಟ ಗುಳಿಗಳಿದ್ದವು, ಅವುಗಳ ತಳ ಹಳದಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವೊಂದೇ ಕಾರಣವಾಗಿದ್ದರೆ ಮೇಲಿನ ಹಲ್ಲಿಗೆ ಸರಿಯಾಗಿ ಕೂಡುವ ಚಪ್ಪಟೆ ಮೈ ಇರಬೇಕಿತ್ತು. ಗುಳಿಯ ತಳವನ್ನು ಎದುರಿನ ಹಲ್ಲು ಮುಟ್ಟಲಾರದು.

ಮೇಲಿನ ಮುಂದಿನ ಹಲ್ಲುಗಳನ್ನು ಕನ್ನಡಿಯಲ್ಲಿ ಒಳಗಡೆಯಿಂದ ನೋಡಿದಾಗ ಎನಾಮಲ್ ಬಹುತೇಕ ಹೋಗಿ ಮೈ ರೇಷ್ಮೆಯಂತೆ ನುಣುಪಾಗಿತ್ತು, ಒಸಡಿನ ಅಂಚಿನಲ್ಲಿ ಮಾತ್ರ ತೆಳುವಾದ ಒಂದು ಬಿಳಿ ಗೆರೆ ಉಳಿದಿತ್ತು. ಒಸಡಿನಿಂದ ಜಿನುಗುವ ದ್ರವ, ಅಲ್ಲಿ ಉಳಿದ ಪಾಚಿ, ಇವು ಆಮ್ಲವನ್ನು ತಡೆಯುವುದರಿಂದ ಆ ಗೆರೆ ಉಳಿಯುತ್ತದೆ. ಹೊರಗೆ, ಎಡಗಡೆಯ ಕೋರೆಹಲ್ಲಿನಿಂದ ಹಿಂದಕ್ಕೆ ಮೂರು ಹಲ್ಲುಗಳ ಬುಡದಲ್ಲಿ ಚೂಪಾದ ಕಚ್ಚುಗಳಿದ್ದವು. ಅದು ಬ್ರಷ್ಷಿನ ಕೆಲಸ. ಬಲಗಡೆ ಎರಡು ದವಡೆ ಹಲ್ಲುಗಳ ಸಂದಿಯಲ್ಲಿ, ಎಕ್ಸ್‌ರೇಯಲ್ಲಿ ಮಾತ್ರ ಕಾಣುವ ಒಂದು ಕಪ್ಪು ನೆರಳು ಇತ್ತು. ಅದು ನಿಜವಾದ ಹುಳುಕು. ಮೂರೂ ಒಂದೇ ಬಾಯಲ್ಲಿ.

ಸವೆತವನ್ನು ಅಳೆಯಲು 2008ರಲ್ಲಿ ರೂಪುಗೊಂಡ ಒಂದು ಸರಳ ಪದ್ಧತಿ ಇದೆ. ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದಲ್ಲಿ ಅತಿ ಹೆಚ್ಚು ಸವೆದ ಮೈಗೆ 0ರಿಂದ 3ರವರೆಗೆ ಅಂಕ ಕೊಡುತ್ತಾರೆ. ಮೈಯ ಸಹಜ ವಿನ್ಯಾಸವಷ್ಟೇ ಅಳಿಯತೊಡಗಿದ್ದರೆ 1, ಮೈಯ ಅರ್ಧಕ್ಕಿಂತ ಕಡಿಮೆ ಹೋಗಿದ್ದರೆ 2, ಅರ್ಧ ಅಥವಾ ಅದಕ್ಕೂ ಹೆಚ್ಚು ಹೋಗಿದ್ದರೆ 3. ಇವರ ಮೇಲಿನ ಮುಂಭಾಗಕ್ಕೆ 3, ಮೇಲಿನ ಎರಡು ಪಕ್ಕಗಳಿಗೂ ಕೆಳಗಿನ ಎಡಕ್ಕೂ 2 ಎರಡರಂತೆ, ಕೆಳಗಿನ ಬಲಕ್ಕೆ 1, ಕೆಳಗಿನ ಮುಂಭಾಗಕ್ಕೆ 0, ಒಟ್ಟು 10. ಒಂಬತ್ತರಿಂದ ಹದಿಮೂರರವರೆಗೆ ಮಧ್ಯಮ ಅಪಾಯವೆಂದು ಲೆಕ್ಕ. ನನ್ನ ಗಮನ ಸೆಳೆದದ್ದು ಮೊತ್ತವಲ್ಲ, ಮೇಲಿನ 3 ಮತ್ತು ಕೆಳಗಿನ 0.

ದಿನಕ್ಕೆ ಎರಡು ನಿಂಬೆ ಸೋಡಾ ಎಂದು ಅವರು ಮೊದಲೇ ಒಪ್ಪಿದ್ದರು. ಆದರೆ ನಿಂಬೆ ಸೋಡಾ ಮೇಲಿನ ಹಲ್ಲುಗಳ ಒಳಮೈಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಎದೆ ಉರಿ ಇದೆಯೇ ಎಂದು ಕೇಳಿದರೆ ಇಲ್ಲವೆಂದರು. ಊಟ ಎಷ್ಟು ಹೊತ್ತಿಗೆ, ಮಲಗುವುದು ಎಷ್ಟು ಹೊತ್ತಿಗೆ, ಎದ್ದಾಗ ಬಾಯಿ ಹೇಗಿರುತ್ತದೆ ಎಂದು ಬಿಡಿಸಿ ಕೇಳಿದ ಮೇಲೆ ಉತ್ತರ ಬಂತು: “ಅಂಗಡಿ ಮುಚ್ಚಿ ಮನಿಗಿ ಹೋಗಿ ಉಣ್ಣೂದ್ರಾಗ ಹತ್ತೂವರಿ ಆಗ್ತದ್ರೀ, ಹನ್ನೊಂದಕ್ಕ ಮಲ್ಕೋತೀನಿ. ಮುಂಜಾನಿ ಬಾಯಿ ಹುಳಿ ಹುಳಿ ಇರ್ತದ, ದನಿನೂ ಕಟ್ಟಿರ್ತದ.” ಎದೆ ಉರಿಯಿಲ್ಲದೆಯೂ ಆಮ್ಲ ಬಾಯಿಗೆ ಬರುವುದುಂಟು, ಅಂಥವರಲ್ಲಿ ಹಲ್ಲಿನ ವೈದ್ಯನೇ ಅದನ್ನು ಮೊದಲು ಕಾಣುವುದೂ ಉಂಟು. ಆದರೆ ಹಲ್ಲು ನೋಡಿ ಅನುಮಾನಿಸಬಹುದೇ ಹೊರತು ತೀರ್ಮಾನಿಸಲಾಗದು. ಹಾಗಾಗಿ ಅವರನ್ನು ಹೊಟ್ಟೆಯ ವೈದ್ಯರಲ್ಲಿಗೆ ಚೀಟಿ ಬರೆದು ಕಳಿಸಿದೆ.

## ಯಾವುದನ್ನು ಮೊದಲು ನಿಲ್ಲಿಸಬೇಕು

ಕರಗಿ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮೆತ್ತಗಾದರೂ ಇನ್ನೂ ಉಳಿದಿರುವ ಪದರವನ್ನು ಮಾತ್ರ ಜೊಲ್ಲು ಮತ್ತು ಫ್ಲೋರೈಡ್ ಸ್ವಲ್ಪ ಮಟ್ಟಿಗೆ ಗಟ್ಟಿ ಮಾಡಬಲ್ಲವು. ಆಮ್ಲ ತಾಗಿದೊಡನೆ ಬ್ರಷ್ ಹಾಕಿದರೆ ಹೋಗುವುದು ಆ ಮೆತ್ತನೆಯ ಪದರ. ಅರ್ಧ ತಾಸು ಕಾಯಿರಿ ಎಂಬ ಸಲಹೆ ರೂಢಿಯಲ್ಲಿದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಪೂರ್ತಿ ಗಟ್ಟಿಯಾಗಲು ಹಲವು ತಾಸು ಬೇಕಾಗುವುದರಿಂದ, ಅರ್ಧ ತಾಸು ಕಾದೆನೆಂದು ಆಮ್ಲವನ್ನು ಲೆಕ್ಕವಿಲ್ಲದೆ ಕುಡಿಯಲು ಬರುವುದಿಲ್ಲ. ಹುಳಿ ತೇಗು ಬಂದ ರಾತ್ರಿ ಎದ್ದು, ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ ಉಗುಳಿದರೆ ಬಾಯಲ್ಲಿ ಉಳಿದ ಆಮ್ಲ ಆಗಲೇ ಸಪ್ಪೆಯಾಗುತ್ತದೆ. ಅಡುಗೆ ಸೋಡಾ ಇಲ್ಲದಿದ್ದರೆ ಬರಿಯ ನೀರಾದರೂ ಸರಿ.

ಅವರ ರಾತ್ರಿಯ ಊಟವನ್ನು ಮಲಗುವುದಕ್ಕೆ ಮೂರು ತಾಸು ಮೊದಲಿಗೆ ಸರಿಸಲು ವೈದ್ಯರು ಹೇಳಿದ್ದರು; ಅಂಗಡಿಯ ಕೆಲಸದವರಿಗೆ ಇದು ಆಗುವ ಮಾತಲ್ಲವಾದ್ದರಿಂದ ರೊಟ್ಟಿ ಪಲ್ಯವನ್ನು ಡಬ್ಬಿಯಲ್ಲಿ ತಂದು ಎಂಟಕ್ಕೆ ಅಂಗಡಿಯಲ್ಲಿಯೇ ಉಣ್ಣತೊಡಗಿದರು. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸುಮಾರು ಆರು ಅಂಗುಲ ಎತ್ತರಿಸಿಕೊಂಡರು. ದಿಂಬಿನ ಮೇಲೆ ದಿಂಬು ಹಾಕಿದರೆ ಇದೇ ಫಲ ಸಿಗುವುದಿಲ್ಲ, ಏಕೆಂದರೆ ಸೊಂಟ ಬಾಗಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಎಡಮಗ್ಗುಲಿಗೆ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗಿರುವುದರಿಂದ ಆಮ್ಲ ಮೇಲೇರುವುದು ಕಡಿಮೆ. ಆಮ್ಲ ತಗ್ಗಿಸುವ ಗುಳಿಗೆಯನ್ನು ಎಷ್ಟು ದಿನ, ಊಟಕ್ಕೆ ಎಷ್ಟು ಮೊದಲು ತೆಗೆದುಕೊಳ್ಳಬೇಕೆಂದು ವೈದ್ಯರೇ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಕೇಳಿ ವರ್ಷಗಟ್ಟಲೆ ನುಂಗುವುದು ಬೇರೆ ಮಾತು. ನುಂಗಲು ಕಷ್ಟವಾಗುವುದು, ತೂಕ ಇಳಿಯುವುದು, ಮಲ ಕಪ್ಪಾಗುವುದು ಕಂಡರೆ ಗುಳಿಗೆಯ ಮಾತು ಬಿಟ್ಟು ಕೂಡಲೇ ತಪಾಸಣೆಗೆ ಹೋಗಬೇಕು.

ನನ್ನ ಕಡೆಯ ಕೆಲಸ ಚಿಕ್ಕದು. ಹುಳುಕನ್ನು ತೆಗೆದು ತುಂಬಿದೆ. ಗಡುಸು ಬ್ರಷ್ಷನ್ನೂ ಪುಡಿಯನ್ನೂ ಬಿಡಿಸಿ, ಮೆತ್ತನೆಯ ಬ್ರಷ್ಷು ಮತ್ತು ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟನ್ನು ದಿನಕ್ಕೆ ಎರಡು ಸಲಕ್ಕೆ ನಿಲ್ಲಿಸಿದೆ. ಈ ಬಗೆಯ ಫ್ಲೋರೈಡು ಹಲ್ಲಿನ ಮೇಲೆ ತವರದ ತೆಳುವಾದ ಲೇಪ ಬಿಡುವುದರಿಂದ ಆಮ್ಲಕ್ಕೆ ಬೇರೆಯವುಗಳಿಗಿಂತ ಹೆಚ್ಚು ತಡೆ ಕೊಡುತ್ತದೆ. ನಿಂಬೆ ಸೋಡಾವನ್ನು ಪೂರ್ತಿ ಬಿಡಿಸಲಾಗಲಿಲ್ಲ, ಎರಡು ಒಂದಾಯಿತು, ಅದೂ ಊಟದ ಜೊತೆಗೆ. ಮುಂದಿನ ಹಲ್ಲುಗಳಿಗೆ ಒಡನೆಯೇ ಬಿಳಿ ಸಿಮೆಂಟ್ ಹಚ್ಚಿ ಚೆಂದ ಮಾಡಿಕೊಡಿ ಎಂದು ಅವರು ಕೇಳಿದರು, ನಾನು ತಡೆದೆ. ಆಮ್ಲ ನಿಲ್ಲದಿದ್ದರೆ ಸಿಮೆಂಟಿನ ಸುತ್ತಲಿನ ಹಲ್ಲು ಕರಗುತ್ತಾ ಹೋಗಿ ಆ ಹಳೆಯ ಫಿಲ್ಲಿಂಗಿನ ಕಥೆಯೇ ಮತ್ತೆ ನಡೆಯುತ್ತದೆ.

ನಿಂತಿತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಲು ಬರುವುದಿಲ್ಲ, ಏಕೆಂದರೆ ಸವೆತ ಮಿಲಿಮೀಟರಿನ ಸಣ್ಣ ಸಣ್ಣ ಪಾಲುಗಳಲ್ಲಿ ನಡೆಯುತ್ತದೆ. ಆದ್ದರಿಂದ ಮೊದಲ ದಿನವೇ ಹಲ್ಲುಗಳ ಅಚ್ಚು ತೆಗೆದು ಗಾರೆಯ ಮಾದರಿ ಎರಕ ಹೊಯ್ದು, ಮೇಲೆ ತಾರೀಖು ಬರೆದು ಕಪಾಟಿನಲ್ಲಿಟ್ಟಿದ್ದೆ. ಆರು ತಿಂಗಳಿಗೆ ಮತ್ತೊಂದು ಅಚ್ಚು ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ, ಫಿಲ್ಲಿಂಗಿನ ಸುತ್ತಲಿನ ಮೆಟ್ಟಿಲು ಅಷ್ಟೇ ಎತ್ತರ ಇತ್ತು, ಗುಳಿಗಳ ಅಂಚಿನ ಹೊಳಪು ಮಾಸಿತ್ತು. ಹೊಳಪು ಮಾಸುವುದು ಇಲ್ಲಿ ಒಳ್ಳೆಯ ಗುರುತು: ಕರಗುತ್ತಿರುವ ಹಲ್ಲು ಮಿನುಗುತ್ತದೆ, ಕರಗುವುದು ನಿಂತ ಹಲ್ಲಿಗೆ ನಿಧಾನವಾಗಿ ಕಲೆ ಹತ್ತುತ್ತದೆ. ಮುಂದಿನ ಹಲ್ಲುಗಳಿಗೆ ಸಿಮೆಂಟ್ ಕಟ್ಟುವ ಕೆಲಸವನ್ನು ಆ ವಾರ ಶುರು ಮಾಡಿದೆವು.